ಮೂತ್ರದ ಕಲ್ಚರ್: ರೋಗಾಣುವಿನ ಹೆಸರು ಹೇಗೆ ಗೊತ್ತಾಗುತ್ತದೆ?

ಮೂತ್ರ ಮಾಡುವಾಗ ಉರಿ, ಪದೇ ಪದೇ ಅವಸರ, ಜೊತೆಗೆ ಜ್ವರ. ಮಾತ್ರೆ ತೆಗೆದುಕೊಂಡರೂ ಒಂದೆರಡು ತಿಂಗಳಲ್ಲಿ ಮತ್ತೆ ಅದೇ ತೊಂದರೆ. ಇಂಥವರಿಗೆ ಮೂತ್ರದ ಕಲ್ಚರ್ ಪರೀಕ್ಷೆ ಬೇಕಾಗುತ್ತದೆ. ಯುನಾನಿಯ ಕಾರೂರ ಪರೀಕ್ಷೆಯಲ್ಲಿ ಮೂತ್ರದ ಬಣ್ಣ, ವಾಸನೆ, ಗಸಿ ನೋಡುತ್ತೇವೆ. ಆದರೆ ಒಳಗಿರುವ ಬ್ಯಾಕ್ಟೀರಿಯಾ ಯಾವುದೆಂದು ಅದರಿಂದ ತಿಳಿಯದು. ಅದಕ್ಕೆ ಲ್ಯಾಬಿನವರು ಒಂದು ಪಟ್ಟಿಯನ್ನು ಹಂತಹಂತವಾಗಿ ಅನುಸರಿಸುತ್ತಾರೆ.

ಮೊದಲು ಮೂತ್ರವನ್ನು ಮ್ಯಾಕಾಂಕಿ ಅಗಾರ್ ಮತ್ತು ಬ್ಲಡ್ ಅಗಾರ್ ಎಂಬ ಎರಡು ತಟ್ಟೆಗಳ ಮೇಲೆ ಸವರಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಇಡುತ್ತಾರೆ. ಮ್ಯಾಕಾಂಕಿಯಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಅದನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ ಗುಲಾಬಿ ಚುಕ್ಕೆಗಳಾಗಿ ಬೆಳೆಯುತ್ತದೆ, ಹುಳಿಯಾಗಿಸದ್ದು ಬಣ್ಣವಿಲ್ಲದೆ ಉಳಿಯುತ್ತದೆ.

ನಂತರ ಗ್ರಾಂ ಬಣ್ಣ. ಗಾಜಿನ ಮೇಲೆ ನೇರಳೆ ಬಣ್ಣ, ಅಯೋಡಿನ್ ಹಾಕಿ, ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ಕೆಂಪು ಬಣ್ಣ ಕೊಡುತ್ತಾರೆ. ನೇರಳೆ ಉಳಿಸಿಕೊಂಡದ್ದು ಗ್ರಾಂ ಪಾಸಿಟಿವ್, ಕಳೆದುಕೊಂಡು ಗುಲಾಬಿಯಾದದ್ದು ಗ್ರಾಂ ನೆಗೆಟಿವ್. ಆಲ್ಕೋಹಾಲ್ ಹೆಚ್ಚು ಹೊತ್ತು ಹರಿದರೆ ಪಾಸಿಟಿವ್ ಕೂಡ ಗುಲಾಬಿಯಾಗಿ ಕಾಣುತ್ತದೆ. ಆದ್ದರಿಂದ ಗೊತ್ತಿರುವ ಬ್ಯಾಕ್ಟೀರಿಯಾವನ್ನೂ ಪಕ್ಕದಲ್ಲೇ ಬಣ್ಣ ಹಾಕಿ ಹೋಲಿಸಿ ನೋಡಬೇಕು.

ಈಗ ಒಂದು ಉದಾಹರಣೆ. ಮ್ಯಾಕಾಂಕಿಯಲ್ಲಿ ಬಣ್ಣವಿಲ್ಲದ ಚುಕ್ಕೆಗಳು. ಬ್ಲಡ್ ಅಗಾರ್ ಮೇಲೆ ಬೆಳವಣಿಗೆ ಅಲೆಅಲೆಯಾಗಿ ತಟ್ಟೆಯ ತುಂಬ ಹರಡಿದೆ. ಸೂಕ್ಷ್ಮದರ್ಶಕದಲ್ಲಿ ಗುಲಾಬಿ ಕಡ್ಡಿಗಳು. ಮೂತ್ರದ ಸೋಂಕಿನಲ್ಲಿ ಅತಿ ಸಾಮಾನ್ಯವಾದ ಇ. ಕೋಲಿ ಹೆಚ್ಚಾಗಿ ಗುಲಾಬಿ ಚುಕ್ಕೆ ಕೊಡುತ್ತದೆ, ಹೀಗೆ ಹರಡುವುದೂ ಇಲ್ಲ. ಆದರೆ ಕೆಲವು ಇ. ಕೋಲಿಗಳು ಲ್ಯಾಕ್ಟೋಸ್ ಹುಳಿಯಾಗಿಸುವುದಿಲ್ಲ. ಹಾಗಾಗಿ ಬಣ್ಣವೊಂದನ್ನೇ ನಂಬದೆ ರಾಸಾಯನಿಕ ಪರೀಕ್ಷೆ ಮಾಡುತ್ತಾರೆ. ಯೂರಿಯೇಸ್ ನಳಿಕೆ ಕೆಲವೇ ಗಂಟೆಗಳಲ್ಲಿ ಗಾಢ ಗುಲಾಬಿಯಾಯಿತು, ಇ. ಕೋಲಿಯಲ್ಲಿ ಆಗುವುದಿಲ್ಲ. ಇಂಡೋಲ್ ನಳಿಕೆಯಲ್ಲಿ ಕೆಂಪು ಉಂಗುರ ಬರಲಿಲ್ಲ, ಇ. ಕೋಲಿಯಲ್ಲಿ ಬರುತ್ತದೆ. ಎಲ್ಲವೂ ಸೇರಿ ತೋರಿಸುವ ಹೆಸರು ಪ್ರೋಟಿಯಸ್ ಮಿರಾಬಿಲಿಸ್.

ಹೆಸರು ತಿಳಿದರೆ ಚಿಕಿತ್ಸೆಯೇ ಬದಲಾಗುತ್ತದೆ. ಮೂತ್ರದ ಸೋಂಕಿಗೆ ಹೆಚ್ಚಾಗಿ ಬರೆಯುವ ನೈಟ್ರೋಫ್ಯುರಾಂಟೋಯಿನ್ ಮಾತ್ರೆ ಪ್ರೋಟಿಯಸ್‌ಗೆ ತಟ್ಟುವುದಿಲ್ಲ. ಇದರ ಯೂರಿಯೇಸ್ ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡಿ ಮೂತ್ರವನ್ನು ಕ್ಷಾರವಾಗಿಸುತ್ತದೆ, ಅದರಿಂದ ಕಲ್ಲು ಕಟ್ಟಬಹುದು. ಕಲ್ಲಿನೊಳಗೆ ಅಡಗಿದ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಸೋಂಕು ತರುತ್ತದೆ. ಪ್ರೋಟಿಯಸ್ ಪದೇ ಪದೇ ಕಂಡರೆ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿರಿ.

ಪಟ್ಟಿ ಎಷ್ಟೇ ಸರಿಯಿದ್ದರೂ ಮಾದರಿ ಕೆಟ್ಟರೆ ಫಲಿತಾಂಶ ಕೆಡುತ್ತದೆ. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಮಾದರಿ ಕೊಡಿ. ನೀರಿನಿಂದ ಶುಚಿ ಮಾಡಿಕೊಂಡು, ಮೊದಲ ಮೂತ್ರ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ರಿಪೋರ್ಟಿನಲ್ಲಿ ಮೂರು ಅಥವಾ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಎಂದಿದ್ದರೆ, ಸಾಮಾನ್ಯವಾಗಿ ಅದು ಚರ್ಮದಿಂದ ಬೆರೆತದ್ದು. ಆಗ ಮಾದರಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.