ಓದಿ ಚಿತ್ರ ಬರೆಯಿರಿ, ಆಮೇಲೆ ಅಭಿಪ್ರಾಯ ಹೇಳಿ

ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕುಳಿತವರು ಬರೆದದ್ದನ್ನು ಓದಿ ಅಭಿಪ್ರಾಯ ತಿಳಿಸಿ ಎಂದು ಶಿಕ್ಷಕರು ಹೇಳಿದರೆ ನೀವು ಏನು ಹೇಳುತ್ತೀರಿ? ಹೆಚ್ಚಿನವರು "ಚೆನ್ನಾಗಿದೆ" ಎಂದು ಪುಸ್ತಕವನ್ನು ಹಿಂದಿರುಗಿಸುತ್ತಾರೆ. ಕೆಲವರು ಕಾಗುಣಿತದ ತಪ್ಪುಗಳಿಗೆ ಸುತ್ತು ಹಾಕುತ್ತಾರೆ. ಬರೆದವರಿಗೆ ಇದರಿಂದ ಏನು ಪ್ರಯೋಜನ? ಯಾವ ವಾಕ್ಯವನ್ನು ಹೇಗೆ ಬದಲಿಸಬೇಕೆಂಬುದು ಅವರಿಗೆ ತಿಳಿಯುವುದೇ ಇಲ್ಲ.

ಓದಿದವರು ಬರೆದವರಿಗೆ ತಿಳಿಸುವ ಇಂತಹ ಮಾತಿಗೆ ಹಿಮ್ಮಾಹಿತಿ ಎಂದು ಹೆಸರು. ವಿಜ್ಞಾನಿಗಳೂ ಇದನ್ನು ಪಡೆಯುತ್ತಾರೆ. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಅಚ್ಚಾಗುವ ಮೊದಲು, ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳು ಅದನ್ನು ಓದಿ ಪ್ರಶ್ನೆ ಕೇಳುತ್ತಾರೆ. ಲೇಖಕರು ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಲೇಖನವನ್ನು ತಿದ್ದುತ್ತಾರೆ. ನಿಮ್ಮ ತರಗತಿಯಲ್ಲಿಯೂ ಇದನ್ನು ಮಾಡಬಹುದು. ಆದರೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು? ಅದಕ್ಕೊಂದು ಸುಲಭ ಉಪಾಯವಿದೆ. ಓದಿದವರು ತೀರ್ಪು ಕೊಡುವ ಮೊದಲು, ಓದಿದ್ದನ್ನು ಮಾಡಿ ನೋಡಬೇಕು.

ಚಟುವಟಿಕೆ

ಬೇಕಾಗುವ ಸಾಮಗ್ರಿ: ಬಿಳಿ ಹಾಳೆ, ಪೆನ್ಸಿಲ್, ಅಂಗೈಯಗಲದ ಚೀಟಿಗಳು, ಶಾಲೆಯ ಹತ್ತಿರದ ಒಂದು ಮರ.

ನಿಮ್ಮ ಶಾಲೆ ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿದೆ, ಹತ್ತಿರದ ರಸ್ತೆಯಲ್ಲೊಂದು ಮಳೆಮರವಿದೆ ಎಂದು ಇಟ್ಟುಕೊಳ್ಳೋಣ. ಬೆಂಗಳೂರಿನ ಅನೇಕ ಹಳೆಯ ರಸ್ತೆಗಳಿಗೆ ನೆರಳು ಕೊಡುವ ಈ ಮರ ನಮ್ಮ ನಾಡಿನದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ತರಗತಿಯ ಅರ್ಧದಷ್ಟು ಮಕ್ಕಳು ಇದರ ಎಲೆಯನ್ನು ಗಮನಿಸಿ ಐದಾರು ವಾಕ್ಯ ಬರೆಯಲಿ. ಉಳಿದವರು ಬೇರೊಂದು ಮರದ ಎಲೆಯನ್ನು ಆರಿಸಿಕೊಳ್ಳಲಿ. ಬರೆದವರು ಚಿತ್ರ ಬಿಡಿಸಬಾರದು. ಓದುವವರಿಗೆ ಎಲೆಯನ್ನು ತೋರಿಸಲೂಬಾರದು.

ಮರುದಿನ ಎರಡು ಗುಂಪಿನವರೂ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ. ಈಗ ಓದುವವರ ಕೆಲಸ ಒಂದೇ. ಬರಹದಲ್ಲಿ ಇರುವುದನ್ನಷ್ಟೇ ನಂಬಿ ಎಲೆಯ ಚಿತ್ರ ಬರೆಯಬೇಕು. ಪೆನ್ಸಿಲ್ ಎಲ್ಲಿ ನಿಂತಿತೋ, ಎಲ್ಲಿ ಊಹೆ ಮಾಡಬೇಕಾಯಿತೋ ಆ ಪದದ ಕೆಳಗೆ ಗೆರೆ ಎಳೆದು ಒಂದು ಅಂಕಿ ಹಾಕಬೇಕು.

ಒಂದು ಉದಾಹರಣೆ

ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ:

"ನಮ್ಮ ಬೀದಿಯಲ್ಲಿ ದೊಡ್ಡ ಮಳೆಮರವಿದೆ. ಅದರ ಎಲೆಗಳು ಸಣ್ಣವು. ಅವು ಕಡ್ಡಿಯಲ್ಲಿ ಸಾಲಾಗಿವೆ. ಸಂಜೆ ಎಲೆಗಳು ಮುಚ್ಚಿಕೊಳ್ಳುತ್ತವೆ. ನೋಡಲು ಬಹಳ ಸುಂದರ."

ಓದಿದವನು ಕಡ್ಡಿಯ ಒಂದೇ ಬದಿಗೆ ಎಲೆಗಳ ಸಾಲು ಬರೆದ. ಎಲೆಯನ್ನು ಹುಣಸೆ ಎಲೆಯಷ್ಟು ಚಿಕ್ಕದಾಗಿ ಬರೆದ. ಮುಚ್ಚಿದ ಎಲೆ ಹೇಗಿರುತ್ತದೆಂದು ತಿಳಿಯದೆ ಅಲ್ಲಿಗೆ ನಿಲ್ಲಿಸಿದ. ಹಾಗಾಗಿ "ಸಣ್ಣವು", "ಸಾಲಾಗಿ", "ಮುಚ್ಚಿಕೊಳ್ಳುತ್ತವೆ" ಎಂಬ ಮೂರು ಪದಗಳಿಗೆ ಗೆರೆ ಬಿತ್ತು.

ಇನ್ನು ಚೀಟಿ ಬರೆಯಬೇಕು. ಅದರಲ್ಲಿ ಮೂರು ಭಾಗಗಳಿರಲಿ: ಯಾವ ಪದ, ಅಲ್ಲಿ ನನಗೆ ಏನಾಯಿತು, ನನ್ನ ಪ್ರಶ್ನೆ ಏನು. ನಮ್ಮ ಉದಾಹರಣೆಯಲ್ಲಿ ಚೀಟಿ ಹೀಗಿರುತ್ತದೆ:

"ಮೂರನೆಯ ವಾಕ್ಯದಲ್ಲಿ 'ಸಾಲಾಗಿ' ಎಂಬ ಪದ. ನಾನು ಒಂದೇ ಬದಿಗೆ ಎಲೆ ಬರೆದೆ. ಎಲೆಗಳು ಎರಡೂ ಬದಿಗೆ ಇವೆಯೇ? ಒಂದು ಕಡ್ಡಿಯಲ್ಲಿ ಎಷ್ಟಿವೆ?"

ಈ ಚೀಟಿಯಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಿತು. ಅವಳು ಮತ್ತೆ ಮರದ ಬಳಿಗೆ ಹೋಗಿ ಎಣಿಸಿ, ಅಳೆದು ತಿದ್ದಿ ಬರೆದಳು:

"ಒಂದು ಕಡ್ಡಿಯ ಎರಡೂ ಬದಿಗೆ ಎದುರುಬದುರಾಗಿ 6 ಜೊತೆ ಎಲೆಗಳಿದ್ದವು. ತುದಿಯ ಜೊತೆ ಎಲ್ಲಕ್ಕಿಂತ ದೊಡ್ಡದು, ಅದರ ಒಂದು ಎಲೆ 4 ಸೆಂ.ಮೀ. ಉದ್ದವಿತ್ತು. ಮಧ್ಯಾಹ್ನ 3 ಗಂಟೆಗೆ ಎಲೆಗಳು ಬಿಚ್ಚಿಕೊಂಡಿದ್ದವು. ಸಂಜೆ 6.30ಕ್ಕೆ ನೋಡಿದಾಗ ಪ್ರತಿ ಜೊತೆಯ ಎರಡು ಎಲೆಗಳೂ ಒಂದಕ್ಕೊಂದು ತಾಗುವಂತೆ ಮಡಚಿಕೊಂಡಿದ್ದವು."

ಈ ಎರಡನೆಯ ಬರಹವನ್ನು ಇನ್ನೊಬ್ಬರು ಪರೀಕ್ಷಿಸಬಹುದು. ಅದೇ ಹೊತ್ತಿಗೆ ಅದೇ ಮರದ ಕೆಳಗೆ ನಿಂತು ಅದು ಸರಿಯೋ ತಪ್ಪೋ ಎಂದು ನೋಡಬಹುದು. ಮೊದಲನೆಯ ಬರಹದಲ್ಲಿ ಅದು ಸಾಧ್ಯವಿರಲಿಲ್ಲ.

ಎಲ್ಲಿ ಕೆಡುತ್ತದೆ?

ಮೊದಲ ಸಲ ನೇರವಾಗಿ ಗೆಳೆಯರ ಬರಹವನ್ನು ಕೈಗೆತ್ತಿಕೊಳ್ಳಬೇಡಿ. ಗೆಳೆತನ ಕೆಡುವುದೆಂದು "ಚೆನ್ನಾಗಿದೆ" ಎಂದುಬಿಡುತ್ತೀರಿ. ಶಿಕ್ಷಕರು ತಾವೇ ಬರೆದ, ಕೊರತೆಗಳಿರುವ ಒಂದು ಬರಹವನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ. ಅದಕ್ಕೆ ಎಲ್ಲರೂ ಸೇರಿ ಚೀಟಿ ಬರೆದು ಅಭ್ಯಾಸ ಮಾಡಿ.

ಒಂದೇ ಬಾರಿಗೆ ಎಲ್ಲವನ್ನೂ ಹೇಳಲು ಹೋದರೂ ಕೆಲಸ ಕೆಡುತ್ತದೆ. ಅಮೆರಿಕದ ಬಾಯ್ಸಿ ನಗರದ ಶಾಲೆಯೊಂದರಲ್ಲಿ 1ನೆಯ ತರಗತಿಯ ಬಾಲಕನೊಬ್ಬ ಚಿಟ್ಟೆಯ ಚಿತ್ರ ಬರೆದ. ಅವನ ಸಹಪಾಠಿಗಳು ಮೊದಲು ರೆಕ್ಕೆಯ ಆಕಾರದ ಬಗ್ಗೆ ಮಾತ್ರ ಹೇಳಿದರು. ಆಕಾರ ಸರಿಯಾದ ಮೇಲೆ ರೆಕ್ಕೆಯ ಮೇಲಿನ ಗೆರೆ, ಚುಕ್ಕೆಗಳ ಬಗ್ಗೆ ಹೇಳಿದರು. ಅವನು ಆರು ಸಲ ಬರೆದ. ಕೊನೆಯ ಚಿತ್ರ ನಿಜವಾದ ಚಿಟ್ಟೆಯನ್ನು ತುಂಬ ಹೋಲುತ್ತಿತ್ತು. ನೀವೂ ಒಂದು ಚೀಟಿಯಲ್ಲಿ ಎರಡಕ್ಕಿಂತ ಹೆಚ್ಚು ಪ್ರಶ್ನೆ ಹಾಕಬೇಡಿ. ಕಾಗುಣಿತವನ್ನು ಕೊನೆಗೆ ನೋಡಿದರೆ ಸಾಕು. ಹೇಗೂ ಬದಲಾಗಲಿರುವ ವಾಕ್ಯದ ಕಾಗುಣಿತ ತಿದ್ದಿ ಫಲವೇನು?

ಕೆಲವರು ಪ್ರಶ್ನೆ ಕೇಳುವ ಬದಲು ತಾವೇ ವಾಕ್ಯವನ್ನು ಬರೆದುಕೊಡುತ್ತಾರೆ. ಹಾಗೆ ಮಾಡಬಾರದು. ಎಲೆಯನ್ನು ಕಂಡವರು ಬರೆದವರು, ನೀವಲ್ಲ. ಓದಿದವರ ಮಾತೂ ತಪ್ಪಿರಬಹುದು. ಆಗ ಜಗಳವಾಡದೆ ಎಲೆಯನ್ನೇ ತಂದು ನೋಡಿ. ಚೀಟಿಯ ಮಾತನ್ನು ಒಪ್ಪುವುದೂ ಬಿಡುವುದೂ ಬರೆದವರಿಗೆ ಸೇರಿದ್ದು. ಬಿಟ್ಟರೆ ಏಕೆಂದು ಒಂದು ವಾಕ್ಯದಲ್ಲಿ ತಿಳಿಸಬೇಕು.

ಈ ಚಟುವಟಿಕೆಯಲ್ಲಿ ಗೆಳೆಯರಿಗೆ ಅಂಕ ಕೊಡಬೇಡಿ. ಹತ್ತಕ್ಕೆ ಆರು ಎಂದು ಕಂಡ ಕೂಡಲೇ ಎಲ್ಲರ ಕಣ್ಣೂ ಆ ಅಂಕಿಯ ಮೇಲೆ ನಿಲ್ಲುತ್ತದೆ, ಚೀಟಿಯನ್ನು ಯಾರೂ ಓದುವುದಿಲ್ಲ.

ಚೀಟಿಯನ್ನೂ ಪರೀಕ್ಷಿಸಿ

ತಿದ್ದಿದ ಬರಹ ಬಂದ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು, ಚೀಟಿಯನ್ನು ನಡುವೆ ಇಡಿ. ಚೀಟಿಯಿಂದಾಗಿ ಯಾವ ವಾಕ್ಯ ಬದಲಾಯಿತು? ಒಂದೂ ಬದಲಾಗಿಲ್ಲವಾದರೆ ಯಾವ ಪದ ಎಂದು ತಿಳಿಸುವುದನ್ನು ಮರೆತಿರಾ, ಪ್ರಶ್ನೆ ಕೇಳದೆ ಬಿಟ್ಟಿರಾ ನೋಡಿ. ಬಳಿಕ ಮೂರನೆಯವರೊಬ್ಬರು ಹೊಸ ಬರಹ ಓದಿ ಚಿತ್ರ ಬರೆಯಲಿ. ಅವರ ಪೆನ್ಸಿಲ್ ಮೊದಲಿನಷ್ಟು ಕಡೆ ನಿಲ್ಲದಿದ್ದರೆ ಚೀಟಿ ಕೆಲಸ ಮಾಡಿದೆ ಎಂದರ್ಥ.

ಚಿತ್ರ ಬರೆಯುವ ಉಪಾಯ ವರ್ಣನೆಗೆ ಮಾತ್ರ ಸರಿಹೊಂದುತ್ತದೆ. ಪ್ರಯೋಗದ ಬರಹವಾದರೆ ಅದನ್ನು ಓದಿ ಪ್ರಯೋಗವನ್ನೇ ಮಾಡಿ ನೋಡಬೇಕು. 'ಏಕೆ' ಎಂದು ವಿವರಿಸುವ ಬರಹವಾದರೆ ಪುಸ್ತಕ ಮುಚ್ಚಿ, ಅರ್ಥವಾದದ್ದನ್ನು ಎರಡು ವಾಕ್ಯಗಳಲ್ಲಿ ಬರೆದವರಿಗೇ ಹೇಳಿ ನೋಡಬೇಕು. ಎಲ್ಲಿ ತೊಡಕಾಯಿತೋ ಅಲ್ಲಿ ನಿಮ್ಮ ಪ್ರಶ್ನೆ ಸಿಗುತ್ತದೆ.

ನಮ್ಮ ವಿದ್ಯಾರ್ಥಿನಿಯ ಎರಡನೆಯ ಬರಹದಲ್ಲಿಯೂ ಒಂದು ಪ್ರಶ್ನೆ ಉಳಿದಿದೆ. ಮಳೆಮರದ ಎಲೆಗಳು ಮೇಲ್ಮುಖವಾಗಿ ಮಡಚುತ್ತವೆಯೇ, ಕೆಳಮುಖವಾಗಿಯೇ? ಅವಳು ಅದನ್ನು ಬರೆದಿಲ್ಲ. ಇಂದು ಸಂಜೆ ದೊಡ್ಡವರ ಜೊತೆ ಹೋಗಿ ನೋಡಿ, ಓದಿದವರು ಊಹೆ ಮಾಡದೆ ಚಿತ್ರ ಬರೆಯಬಲ್ಲಂತೆ ಒಂದು ವಾಕ್ಯ ಬರೆದು ತನ್ನಿ.