ಕೊಟ್ಟಿಗೆಹಾರದ ಕವಲಿನಲ್ಲಿ ಕೇಳಬೇಕಾದ ಪ್ರಶ್ನೆ

ಮಳೆಗಾಲದಲ್ಲಿ ಹಾಸನದ ಮನೆಗಳಿಗೆ 'ಶಿರಾಡಿ ಬಂದ್' ಎಂಬ ಸುದ್ದಿ ತಲುಪುವಾಗ ಅದರಲ್ಲಿ ಬೇಕಾದ ವಿವರ ಯಾವುದೂ ಇರುವುದಿಲ್ಲ. ಧರೆ ಎಲ್ಲಿ ಜರಿದಿದೆ, ಯಾವಾಗಿನಿಂದ ಮುಚ್ಚಿದೆ, ಲಾರಿಗಳಿಗೆ ಮಾತ್ರವೋ ಕಾರಿಗೂ ಸೇರಿಯೋ ಎಂಬುದು ತಿಳಿಯದೆ ಮುಂದಿನದನ್ನು ನಿರ್ಧರಿಸುವಂತಿಲ್ಲ. ಸಕಲೇಶಪುರದ ಆಚೆ ದೊಡ್ಡತಪ್ಲುವಿನಲ್ಲಿ ಮಣ್ಣು ಬಿದ್ದಿದ್ದರೆ ಜೆಸಿಬಿಗಳು ಬೇಗ ತಲುಪುತ್ತವೆ. ಆದರೆ ಅಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯಂತೆ ನೇರವಾಗಿ ಕಡಿದಿರುವುದರಿಂದ, ಕೆಳಗಿನ ಮಣ್ಣು ತೆಗೆದಷ್ಟೂ ಮೇಲಿನದು ಇಳಿಯುತ್ತದೆ. 2024ರ ಜುಲೈಯಲ್ಲಿ ಆಗಿದ್ದು ಇದೇ. ಬೆಳಿಗ್ಗೆ ತೆರೆದ ದಾರಿ ಸಂಜೆಗೆ ತೆರೆದಿರುತ್ತದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಆ ತಿಂಗಳು ಅಮ್ಮನನ್ನು ಕಾರ್ಕಳದ ಅಣ್ಣನ ಮನೆಗೆ ಬಿಟ್ಟು ಬರಬೇಕಿತ್ತು. ಸಕಲೇಶಪುರದವರೆಗೆ ಹೋಗಿ ನೋಡೋಣ ಎಂಬ ಸಲಹೆ ಮನೆಯಲ್ಲಿ ಬಂತು. ನಾನು ಒಪ್ಪಲಿಲ್ಲ. ಸಕಲೇಶಪುರದಿಂದ ಹಾನುಬಾಳು ಮೇಲೆ ಮೂಡಿಗೆರೆಗೆ ದಾರಿ ಇದೆ ನಿಜ, ಆದರೆ ಶಿರಾಡಿ ಮುಚ್ಚಿದ ದಿನ ಹಿಂದಿರುಗಿದ ವಾಹನಗಳೆಲ್ಲ ಅದೇ ಸಣ್ಣ ರಸ್ತೆಗೆ ನುಗ್ಗುತ್ತವೆ. ತಿರುಗಬೇಕಾದ ಜಾಗ ಹಾಸನವೇ. ಇಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದವರೆಗೆ ಬಹುಪಾಲು ಬಯಲು ಮತ್ತು ಕಾಫಿ ತೋಟದ ದಾರಿ. ಘಾಟಿ ಶುರುವಾಗುವುದು ಆಮೇಲೆ. ಮುಖ್ಯವಾಗಿ, ಕೊಟ್ಟಿಗೆಹಾರದಲ್ಲಿ ದಾರಿ ಎರಡಾಗುತ್ತದೆ. ಒಂದು ಚಾರ್ಮಾಡಿ ಇಳಿದು ಉಜಿರೆಗೆ, ಇನ್ನೊಂದು ಕಳಸ, ಕುದುರೆಮುಖ ದಾಟಿ ಬಜಗೋಳಿ, ಕಾರ್ಕಳಕ್ಕೆ. ಅಲ್ಲಿಯವರೆಗೆ ಯಾವುದನ್ನೂ ನಿರ್ಧರಿಸದೆ ಹೋಗಬಹುದು.

ಹೊರಡುವ ಮೊದಲು ಹಾಸನದ ಬಸ್ ನಿಲ್ದಾಣಕ್ಕೆ ಹೋದೆ. ಇದು ನನಗೆ ಎಂದೂ ಕೈಕೊಡದ ಕ್ರಮ. ಅಲ್ಲಿ ಕೂತ ಕಂಟ್ರೋಲರ್ ಹತ್ತಿರ 'ಚಾರ್ಮಾಡಿ ಓಪನ್ ಇದೆಯಾ' ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಅವರು ತಮಗೆ ಬಂದ ಆದೇಶವನ್ನು ಹೇಳುತ್ತಾರೆ. 'ಧರ್ಮಸ್ಥಳದಿಂದ ಬರುವ ಬಸ್ಸು ಬಂತಾ, ಎಷ್ಟು ಹೊತ್ತಿಗೆ ಬಂತು' ಎಂದು ಕೇಳಬೇಕು. "ಬಂತು ಸಾರ್, ಈಗ ಅರ್ಧ ಗಂಟೆ ಆಯ್ತು. ಎರಡು ಗಂಟೆ ಲೇಟು. ಡ್ರೈವರ್ ಅಲ್ಲೇ ಟೀ ಕುಡೀತಾ ಇದಾರೆ ನೋಡಿ" ಎಂದರು. ಮರ ಬಿದ್ದು ಒಂದೇ ಬದಿಯಲ್ಲಿ ವಾಹನ ಬಿಡುತ್ತಿದ್ದಾರೆ ಎಂಬುದು ಆ ಚಾಲಕರಿಂದ ತಿಳಿಯಿತು.

ಜಿಲ್ಲಾಡಳಿತದ 1077ಕ್ಕೂ ಕರೆ ಮಾಡಿದೆ. ಘಾಟಿಯ ತಲೆ ಒಂದು ಜಿಲ್ಲೆಯಲ್ಲಿದ್ದರೆ ಬುಡ ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಚಾರ್ಮಾಡಿಯ ಮೇಲ್ಭಾಗ ಚಿಕ್ಕಮಗಳೂರಿನದು, ಕೆಳಭಾಗ ದಕ್ಷಿಣ ಕನ್ನಡದ್ದು. ಕುದುರೆಮುಖದ ದಾರಿ ಚಿಕ್ಕಮಗಳೂರಿನಿಂದ ಉಡುಪಿ ಜಿಲ್ಲೆಗೆ ಇಳಿಯುತ್ತದೆ. ಒಂದು ಕಡೆಯವರು 'ನಮ್ಮಲ್ಲಿ ತೊಂದರೆ ಇಲ್ಲ' ಎಂದರೆ ಅವರ ಗಡಿಯವರೆಗೆ ಮಾತ್ರ ಅದು ಸತ್ಯ. ಹಾಗಾಗಿ ಎರಡೂ ಜಿಲ್ಲೆಗಳನ್ನು ಕೇಳಬೇಕು. ಹೊರ ಜಿಲ್ಲೆಯಿಂದ ಕೇಳುವಾಗ ಆ ಊರಿನ ಎಸ್‌ಟಿಡಿ ಕೋಡ್ ಸೇರಿಸಬೇಕು: ಚಿಕ್ಕಮಗಳೂರಿಗೆ 08262, ಮಂಗಳೂರಿಗೆ 0824, ಉಡುಪಿಗೆ 0820.

ಮೊಬೈಲ್‌ನ ಮ್ಯಾಪ್ ಬಿಸಿಲೆ ಘಾಟಿಯನ್ನು ತೋರಿಸುತ್ತಿತ್ತು. ಮ್ಯಾಪಿಗೆ ದಟ್ಟಣೆ ತಿಳಿಯುವುದು ಆ ದಾರಿಯಲ್ಲಿ ಚಲಿಸುವ ಫೋನುಗಳಿಂದ. ಸಿಗ್ನಲ್ ಇಲ್ಲದ ಕಾಡಿನಲ್ಲಿ ವಾಹನ ಸಿಕ್ಕಿಕೊಂಡಿದ್ದರೂ, ವಾಹನವೇ ಇಲ್ಲದಿದ್ದರೂ ಅದಕ್ಕೆ ಒಂದೇ. ಅದಕ್ಕಿಂತ ದೊಡ್ಡ ಮಾತೊಂದಿದೆ. ಬಿಸಿಲೆ ಇರುವುದು ಶಿರಾಡಿಯ ಪಕ್ಕದ ಮಲೆಯಲ್ಲೇ, ಅದೇ ಮಳೆಯ ಕೆಳಗೆ. ಆ ಜುಲೈಯಲ್ಲೇ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಹಳಿಯ ಮೇಲೂ ಎಡಕುಮರಿ ಬಳಿ ಗುಡ್ಡ ಕುಸಿದು ರೈಲುಗಳು ನಿಂತವು. ಒಂದು ಗುಡ್ಡ ನೀರು ಕುಡಿದು ಸಡಿಲಾಗಿದ್ದರೆ ನೆರೆಯ ಗುಡ್ಡವೂ ಹಾಗೇ ಇರುತ್ತದೆ. ಬದಲಿ ದಾರಿ ಹುಡುಕುವಾಗ ನಾನು ಹತ್ತಿರದ್ದಕ್ಕಿಂತ ದೂರದ್ದನ್ನು ಆರಿಸುವುದು ಇದಕ್ಕಾಗಿಯೇ. ದೂರದ್ದಾದರೂ ಖಾತ್ರಿ ಎಂದೇನಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿಯ ಜೊತೆಗೇ ಮಡಿಕೇರಿ–ಸಂಪಾಜೆ ದಾರಿಯೂ ಹೋಯಿತು. ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿಯೇ ಹಲವೆಡೆ ಕುಸಿದು ಬಹುಕಾಲ ಮುಚ್ಚಿತ್ತು.

ಕೊಟ್ಟಿಗೆಹಾರ ತಲುಪಿದಾಗ ಮಂಜು, ಮಳೆ. ಹೋಟೆಲಿನ ಎದುರು ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಚಾರ್ಮಾಡಿಯ ಕಡೆಯಿಂದ ಏನೇನು ಬರುತ್ತಿದೆ ಎಂದು ನೋಡಿದೆ. ಕೆಳಗಿನಿಂದ ವಾಹನಗಳು ಒಂದೊಂದಾಗಿ ಸಮ ಅಂತರದಲ್ಲಿ ಬಂದರೆ ದಾರಿ ಹರಿಯುತ್ತಿದೆ ಎಂದರ್ಥ. ಹತ್ತು ಹದಿನೈದು ಒಟ್ಟಿಗೆ ಬಂದು ಆಮೇಲೆ ಏನೂ ಬಾರದಿದ್ದರೆ ಎಲ್ಲೋ ತಡೆದು ಬಿಡುತ್ತಿದ್ದಾರೆ. ಅಂದು ಒಂದು ಗುಂಪು ಬಂತು, ಆಮೇಲೆ ಬರುವುದೇ ನಿಂತುಹೋಯಿತು. ಆ ಗುಂಪಿನ ಕೊನೆಯಲ್ಲಿದ್ದ ಪಿಕಪ್‌ನವರನ್ನು ಕೈ ಅಡ್ಡ ಮಾಡಿ ಕೇಳಿದೆ. "ನಾವು ದಾಟಿದ ಮೇಲೆ ಇನ್ನೊಂದು ಕಡೆ ಮಣ್ಣು ಜಾರಿತು ಮಾರಾಯ್ರೆ, ಹಿಂದಿನವರು ಅಲ್ಲೇ ಇದ್ದಾರೆ" ಎಂದರು. ಹಾಸನದಲ್ಲಿ ಬಸ್ ಚಾಲಕರು ಹೇಳಿದ್ದು ಸುಳ್ಳಲ್ಲ, ಹಳತಾಗಿತ್ತು ಅಷ್ಟೆ. ಘಾಟಿಯ ಸುದ್ದಿ ಎರಡು ಗಂಟೆಗಿಂತ ಹಳೆಯದಾದರೆ ಅದನ್ನು ಮತ್ತೆ ಕೇಳಿಯೇ ತಿಳಿಯಬೇಕು.

ಇನ್ನು ಕಳಸದ ದಾರಿ. ಅಲ್ಲೇ ಕೂತಿದ್ದ ಒಬ್ಬರು 'ಕಳಸದಲ್ಲಿ ಸೇತುವೆ ಮುಳುಗಿದೆಯಂತೆ' ಎಂದರು. ಅಮ್ಮ ಗಾಬರಿಯಾದರು. ಯಾವ ಸೇತುವೆ ಎಂದು ವಿಚಾರಿಸಿದರೆ ಅದು ಹೆಬ್ಬಾಳೆಯದು, ಭದ್ರಾ ಉಕ್ಕಿದಾಗೆಲ್ಲ ಮುಳುಗುವ ಸೇತುವೆ. ಅದು ಇರುವುದು ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ. ನಾವು ಕುದುರೆಮುಖದ ಕಡೆಗೆ ತಿರುಗುವವರು, ನಮಗೆ ಅದು ಅಡ್ಡವಲ್ಲ. ಊರಿನ ಹೆಸರು ಕೇಳಿ ಹಿಂದಿರುಗಿಬಿಟ್ಟಿದ್ದರೆ ತೆರೆದ ದಾರಿಯೊಂದು ಕೈತಪ್ಪುತ್ತಿತ್ತು.

ಕುದುರೆಮುಖದ ದಾರಿಯಲ್ಲಿ ಗಡಿಯಾರವನ್ನೂ ನೋಡಬೇಕು. ರಾಷ್ಟ್ರೀಯ ಉದ್ಯಾನದೊಳಗೆ ಹೋಗುವ ರಸ್ತೆಯಾದ್ದರಿಂದ ಅರಣ್ಯ ಇಲಾಖೆಯ ಗೇಟುಗಳಿವೆ. ಒಳಹೊಕ್ಕಾಗ ಸಮಯ ಬರೆದ ಚೀಟಿ ಕೊಡುತ್ತಾರೆ, ಕತ್ತಲಾಗುವ ಹೊತ್ತಿಗೆ ಗೇಟು ಹಾಕುತ್ತಾರೆ. ಮಧ್ಯಾಹ್ನ ಎರಡರೊಳಗೆ ಕೊಟ್ಟಿಗೆಹಾರ ಬಿಡದಿದ್ದರೆ ನಾನು ಆ ಕಡೆ ಹೊರಡುವುದಿಲ್ಲ. ಮಧ್ಯೆ ಮರ ಬಿದ್ದರೆ ತೆರವಾಗುವವರೆಗೆ ಕಾಯಲು ಅಷ್ಟು ಹೊತ್ತು ಕೈಯಲ್ಲಿರಬೇಕು. ಮೂಡಿಗೆರೆಯಲ್ಲೇ ಪೆಟ್ರೋಲ್ ತುಂಬಿಸಿದ್ದೆ. ಕಳಸದಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದೆ: "ಈಗ ಒಂದೂ ಮುಕ್ಕಾಲು. ಐದೂವರೆಗೆ ಬಜಗೋಳಿಯಿಂದ ಫೋನ್ ಬಾರದಿದ್ದರೆ ಮಾಳದ ಗೇಟಿನಲ್ಲಿ ವಿಚಾರಿಸು." ಅಷ್ಟರಲ್ಲಿ ಅವನೂ ಮಾಳದ ಕಡೆಯ ಪರಿಚಿತರನ್ನು ಕೇಳಿ, ಮೇಲಿನಿಂದ ವಾಹನಗಳು ಇಳಿಯುತ್ತಿವೆ ಎಂದು ಖಚಿತ ಮಾಡಿಕೊಂಡಿದ್ದ. ದಾರಿಯ ಎರಡೂ ತುದಿಯ ಮಾತು ಸೇರಿದ ಮೇಲೆಯೇ ಹೊರಟೆವು.

ಎಸ್.ಕೆ. ಬಾರ್ಡರ್‌ನಿಂದ ಕೆಳಗೆ ಒಂದೆರಡು ಕಡೆ ರಸ್ತೆಯ ಅಂಚಿಗೆ ಮಣ್ಣು ಬಂದಿತ್ತು. ಧರೆಯಿಂದ ಇಳಿಯುವ ನೀರು ತಿಳಿಯಾಗಿದ್ದಲ್ಲಿ ನಿಧಾನವಾಗಿ ದಾಟಿದೆ. ಒಂದು ತಿರುವಿನಲ್ಲಿ ನೀರು ಕೆಂಪಗೆ, ಸಣ್ಣ ಕಲ್ಲುಗಳನ್ನು ಹೊತ್ತು ಬರುತ್ತಿತ್ತು. ಅಲ್ಲಿ ದೂರದಲ್ಲೇ ನಿಂತು, ಮೇಲಿನ ಮರಗಳು ವಾಲಿಲ್ಲ, ಕಲ್ಲು ಉರುಳುತ್ತಿಲ್ಲ ಎಂದು ನೋಡಿಕೊಂಡು, ಆಮೇಲೆ ಎಲ್ಲೂ ನಿಲ್ಲದೆ ಹೋದೆ. ಇಂಥ ಜಾಗದಲ್ಲಿ ಮುಂದೆ ವಾಹನಗಳ ಸಾಲಿದ್ದರೆ ಅದರ ಹಿಂದೆ ಹೋಗಿ ಧರೆಯ ಬುಡದಲ್ಲಿ ನಿಲ್ಲಬಾರದು, ಹಿಂದಿನ ಬಯಲಲ್ಲೇ ಕಾಯಬೇಕು.

ಬಜಗೋಳಿಯ ಅಂಗಡಿಯ ಮುಂದೆ ಕಳಸಕ್ಕೆ ಹೊರಟ ಜೀಪಿನವರು ದಾರಿ ಹೇಗಿದೆ ಎಂದು ಕೇಳಿದರು. ನಾಲ್ಕೂಕಾಲಿಗೆ ಮಾಳದ ಗೇಟು ದಾಟಿದೆವು, ಗೇಟಿಗಿಂತ ಮೇಲೆ ಒಂದು ತಿರುವಿನಲ್ಲಿ ಕೆಂಪು ನೀರು ಬರುತ್ತಿದೆ, ಕಾರು ಜೀಪಿಗೆ ಜಾಗವಿದೆ, ಲಾರಿಯ ವಿಷಯ ಗೊತ್ತಿಲ್ಲ ಎಂದೆ. ಅವರು ಗಡಿಯಾರ ನೋಡಿಕೊಂಡು, ಗೇಟು ಹಾಕುವುದರೊಳಗೆ ಆಚೆ ದಾಟಲಾಗದು ಎಂದು ಲೆಕ್ಕ ಹಾಕಿ, ರಾತ್ರಿ ಕಾರ್ಕಳದಲ್ಲೇ ಉಳಿಯಲು ಜೀಪು ತಿರುಗಿಸಿದರು.