ಏಳು ಜನರ ಮಾತು, ಎರಡು ಪರ್ಸೋನಾ: ಫಿಟ್‌ನೆಸ್ ಸ್ಟುಡಿಯೋ ನಡೆಸುವವರಿಗೆ ಆರು ಸೂತ್ರಗಳು

ಪರ್ಸೋನಾ ಎಂದರೆ ನಿಮ್ಮ ಗ್ರಾಹಕರಲ್ಲಿ ಒಂದು ಬಗೆಯವರನ್ನು ಒಬ್ಬ ವ್ಯಕ್ತಿಯಂತೆ ಚಿತ್ರಿಸಿದ ಒಂದು ಪುಟದ ಹಾಳೆ. ಈ ಪದ್ಧತಿಯನ್ನು ಬಳಕೆಗೆ ತಂದವರು ಅಮೆರಿಕದ ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್. 1983ರಲ್ಲಿ ಒಂದು ಪ್ರೋಗ್ರಾಂ ಬರೆಯುವಾಗ ಅವರು ಮಾತಾಡಿಸಿದ್ದು ಏಳೆಂಟು ಪರಿಚಿತರನ್ನಷ್ಟೆ. ಆದ್ದರಿಂದ ತೊಂಬತ್ತು ಸದಸ್ಯರ ಪುಟ್ಟ ಸ್ಟುಡಿಯೋದವರು ದೊಡ್ಡ ಸಮೀಕ್ಷೆಗೆ ಕೈಹಾಕುವುದು ಬೇಡ. ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಅಂಥದೊಂದು ಸ್ಟುಡಿಯೋ ಇದೆ ಎಂದಿಟ್ಟುಕೊಂಡು ಮುಂದುವರಿಯೋಣ.

1. ಬಿಟ್ಟು ಹೋದವರನ್ನು ಮೊದಲು ಹಿಡಿಯಿರಿ

ದಿನಾ ಬರುವವರು ಕಣ್ಣೆದುರೇ ಇರುತ್ತಾರೆ, ಹೊಗಳುತ್ತಾರೆ. ಹಾಗಾಗಿ ಎಲ್ಲರೂ ಅವರನ್ನೇ ಕೇಳಿ ಮುಗಿಸಿಬಿಡುತ್ತಾರೆ. ಏಳು ಜನರ ಪಟ್ಟಿ ಹೀಗಿರಲಿ: ತಪ್ಪದೆ ಬರುವವರು ಮೂವರು, ಕಳೆದ ಮೂರು ತಿಂಗಳಲ್ಲಿ ಬಿಟ್ಟವರು ಇಬ್ಬರು, ಟ್ರಯಲ್ ಕ್ಲಾಸಿಗೆ ಬಂದು ಸೇರದೆ ಹೋದವರು ಇಬ್ಬರು. ಬಿಟ್ಟು ವರ್ಷವಾದವರು ಬೇಡ, ಅವರಿಗೆ ಕಾರಣ ಮರೆತು ನೆಪ ಮಾತ್ರ ನೆನಪಿರುತ್ತದೆ. ಭಾವಮೈದುನ, ಕಾಲೇಜು ಗೆಳೆಯ ಲೆಕ್ಕಕ್ಕಿಲ್ಲ.

ಬಿಟ್ಟವರ ಹತ್ತಿರ ಮಾಲೀಕರೋ ಕೋಚೋ ಖುದ್ದು ಮಾತಾಡದಿದ್ದರೆ ಒಳ್ಳೆಯದು. "ನಿಮ್ಮ ಕ್ಲಾಸ್ ಬೋರಾಗಿತ್ತು ಸರ್" ಎಂದು ಕೋಚಿನ ಮುಖಕ್ಕೆ ಹೇಳುವಷ್ಟು ನಿಷ್ಠುರರು ನಮ್ಮೂರಲ್ಲಿ ಕಡಿಮೆ. ಫ್ರಂಟ್ ಡೆಸ್ಕಿನವರು ಕೇಳಲಿ, ಇಲ್ಲವೇ ಸ್ಟುಡಿಯೋಗೆ ಸಂಬಂಧವೇ ಇಲ್ಲದ ಸ್ನೇಹಿತರಿಗೆ ಒಪ್ಪಿಸಿ.

2. "ಏನು ಬೇಕು?" ಎಂದು ಕೇಳಬೇಡಿ, "ಅವತ್ತು ಏನಾಯ್ತು?" ಎಂದು ಕೇಳಿ

ಮುಂದೆ ಏನು ಮಾಡುತ್ತೇವೆ ಎಂದು ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಜಿಮ್ ವ್ಯವಹಾರದಲ್ಲಿ ಕಂಡಷ್ಟು ಬೇರೆಲ್ಲೂ ಕಾಣುವುದು ಕಷ್ಟ. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಅಮೆರಿಕದ ಹೆಲ್ತ್ ಕ್ಲಬ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ತಿಂಗಳಿಗೆ ಸರಾಸರಿ 9.5 ಸಲ ಹೋಗುತ್ತೇವೆ ಎಂಬುದು ಜನರ ಅಂದಾಜು. ಹಾಜರಿಯ ದಾಖಲೆಯಲ್ಲಿ ಸಿಕ್ಕಿದ್ದು ನಾಲ್ಕು ಚಿಲ್ಲರೆ. ಅವರು ಸುಳ್ಳು ಹೇಳಿದ್ದಲ್ಲ, ಆಸೆಯನ್ನು ಹೇಳಿದ್ದು. "ಜುಂಬಾ ಶುರು ಮಾಡಿದರೆ ಬರ್ತೀರಾ?" ಎಂದು ಕೇಳಿದರೆ ನಿಮಗೂ ಅಂಥ ಆಸೆಯೇ ಉತ್ತರವಾಗಿ ಸಿಗುತ್ತದೆ.

ನಮ್ಮ ಸ್ಟುಡಿಯೋ ಬಿಟ್ಟ ಒಬ್ಬ ಗೃಹಿಣಿಯ ಜೊತೆ ಮಾತು ಹೀಗೆ ಸಾಗುತ್ತದೆ ಎನ್ನಿ.

"ಯಾಕೆ ಮೇಡಂ, ಬಿಟ್ಟುಬಿಟ್ರಿ?"

"ಟೈಮೇ ಸಿಗಲ್ಲ ಕಣಮ್ಮ."

ಇಲ್ಲಿಗೆ ನಿಲ್ಲಿಸಿದರೆ ಹಾಳೆಯ ಮೇಲೆ 'ಸಮಯದ ಅಭಾವ' ಎಂದು ಬರೆದು ಕೂರಬೇಕಾಗುತ್ತದೆ. ಅದರಿಂದ ಏನೂ ಮಾಡಲಾಗದು. ಇನ್ನೊಂದು ಹೆಜ್ಜೆ ಹೋಗಿ.

"ಕೊನೇ ಸಲ ಬಂದಿದ್ರಲ್ಲ, ಅವತ್ತು ಬೆಳಿಗ್ಗೆ ಏನೇನಾಯ್ತು, ಹೇಳ್ತೀರಾ?"

"ಅವತ್ತು ಸೋಮವಾರ. ಮಗಳ ವ್ಯಾನ್ ಎಂಟು ಹತ್ತಕ್ಕೆ ಬರುತ್ತೆ. ಏಳಕ್ಕೆ ಕ್ಲಾಸ್ ಅಂತಾರೆ, ಎಲ್ಲರೂ ಬರಲಿ ಅಂತ ಏಳೂ ಕಾಲಿಗೆ ಶುರು ಮಾಡ್ತಾರೆ. ನಾನು ಅರ್ಧಕ್ಕೇ ಎದ್ದು ಓಡಿದೆ. ಡಬ್ಬಿಗೆ ಚಿತ್ರಾನ್ನ ನಮ್ಮನೆಯವರೇ ಕಲಸಿದ್ರು, ಉಪ್ಪೇ ಹಾಕಿರಲಿಲ್ಲ. ಸಂಜೆ ಅದೇ ದೊಡ್ಡ ಮಾತಾಯ್ತು."

ಅವರನ್ನು ಕಳಿಸಿದ್ದು ಆ ಹದಿನೈದು ನಿಮಿಷ. ಉಪ್ಪಿಲ್ಲದ ಚಿತ್ರಾನ್ನದವರೆಗೂ ಮಾತು ಹೋಗಬೇಕು, ಅಲ್ಲಿಯವರೆಗೆ ಸಿಗುವುದೆಲ್ಲ ಶಿಷ್ಟಾಚಾರ. ಇಪ್ಪತ್ತು ನಿಮಿಷದ ಮಾತಿನಲ್ಲಿ ನಿಮ್ಮದು ನಾಲ್ಕೈದು ಪ್ರಶ್ನೆ ಮೀರಬಾರದು: ಮೊದಲ ಸಲ ಬರಬೇಕು ಅನ್ನಿಸಿದ ದಿನ ಏನಾಗಿತ್ತು, ಅದಕ್ಕೆ ಮುಂಚೆ ಬೇರೆ ಏನು ಮಾಡಿ ನೋಡಿದ್ದರು, ಮೊದಲ ದಿನ ಹೇಗಿತ್ತು, ಕೊನೆಯ ದಿನ ಹೇಗಿತ್ತು.

3. ಅವರ ಮಾತನ್ನು ಅವರ ಬಾಯಲ್ಲೇ ಬರೆದಿಡಿ

"ಕನ್ನಡಿ ಮುಂದೆ ನಿಲ್ಲೋಕೇ ಒಂಥರಾ ಆಗ್ತಿತ್ತು" ಎಂದಿದ್ದನ್ನು 'ಆತ್ಮವಿಶ್ವಾಸದ ಕೊರತೆ' ಎಂದು ತಿದ್ದಬೇಡಿ. ಮೊದಲನೆಯದನ್ನು ಓದಿದರೆ ಹೊಸಬರನ್ನು ಕನ್ನಡಿಯಿಂದ ದೂರ ನಿಲ್ಲಿಸಬಹುದು ಎಂದು ಹೊಳೆಯುತ್ತದೆ, ಎರಡನೆಯದರಿಂದ ಏನೂ ಹೊಳೆಯುವುದಿಲ್ಲ. ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ. ಬೇಡವೆಂದರೆ, ಫೋನಿಟ್ಟ ತಕ್ಷಣ ಕೂತು ಬರೆಯಿರಿ.

4. ವಯಸ್ಸಿನ ಪ್ರಕಾರ ವಿಂಗಡಿಸಬೇಡಿ, ಅಡ್ಡಿಯ ಪ್ರಕಾರ ವಿಂಗಡಿಸಿ

ಹೆಚ್ಚಿನವರು ಜಾರುವುದು ಇಲ್ಲೇ. 'ಗೃಹಿಣಿ, 35–45', 'ಐಟಿ ಉದ್ಯೋಗಿ, 25–30' ಎಂದು ಡಬ್ಬಿ ಮಾಡಿಟ್ಟು, ಏಳು ಜನರನ್ನು ಅದರೊಳಗೆ ತುರುಕುತ್ತಾರೆ. ಅದರ ಬದಲು ಒಂದೊಂದು ಮಾತನ್ನು ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ. ಯಾವ ಚೀಟಿ ಯಾವುದರ ಪಕ್ಕ ಹೋಗುತ್ತದೆ ಎಂದಷ್ಟೇ ನೋಡಿ, ಹೆಸರು ಆಮೇಲೆ ಇಟ್ಟರಾಯಿತು.

ನಮ್ಮ ಏಳು ಜನರಲ್ಲಿ ಆ ಗೃಹಿಣಿಯ ಚೀಟಿಯ ಪಕ್ಕ ಬಂದು ಕೂತದ್ದು ಇನ್ನೊಬ್ಬ ಗೃಹಿಣಿಯದಲ್ಲ. ಆರು ಗಂಟೆಯ ಬ್ಯಾಚಿನ ಬ್ಯಾಂಕ್ ನೌಕರರೊಬ್ಬರದು ಮತ್ತು ಸಂಜೆ ಐದಕ್ಕೆ ಮನೆಪಾಠ ಶುರುಮಾಡುವ ಮೇಷ್ಟ್ರದು. ಮೂವರೂ ಗಡಿಯಾರ ನೋಡಿಕೊಂಡೇ ವ್ಯಾಯಾಮ ಮಾಡುವವರು. ಬ್ಯಾಚು ಹೊತ್ತಿಗೆ ಸರಿಯಾಗಿ ಶುರುವಾಗುವ ಇಬ್ಬರು ಉಳಿದಿದ್ದಾರೆ, ತಡವಾಗುವ ಬ್ಯಾಚಿನವರು ಹೋಗಿದ್ದಾರೆ. ಇವರಿಗೆ 'ಗಡಿಯಾರದವರು' ಎನ್ನೋಣ.

ಎರಡನೇ ಗುಂಪು ಇನ್ನೂ ವಿಚಿತ್ರ. ಡಾಕ್ಟರು ಶುಗರಿಗೆಂದು ಕಳಿಸಿದ 58 ವರ್ಷದವರು ಟ್ರಯಲ್ ಮುಗಿಸಿ ಮತ್ತೆ ಬರಲಿಲ್ಲ; ಸಾಫ್ಟ್‌ವೇರ್ ಕಂಪನಿಯ 26ರ ಹುಡುಗಿ ಎರಡೇ ವಾರಕ್ಕೆ ಬಿಟ್ಟಳು. ಇಬ್ಬರ ಮಾತೂ ಹೆಚ್ಚೂಕಡಿಮೆ ಒಂದೇ: ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೆ, ನನಗೊಬ್ಬನಿಗೆ ಗೊತ್ತಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಈ ಮುಜುಗರ ಅನುಭವಿಸಿಯೂ ಉಳಿದ ಮೂರನೆಯವರ ಚೀಟಿಯಲ್ಲಿ ಮದ್ದೂ ಇತ್ತು: "ಮೊದಲ ವಾರ ನಮ್ಮ ವಾರಗಿತ್ತಿ ಜೊತೆಗೆ ಬಂದ್ಲು, ಅದಕ್ಕೇ ಬಂದೆ." ಇವರು 'ಮೊದಲ ವಾರದವರು'.

ಏಳನೆಯವನು ಬಾರ್‌ಬೆಲ್ ಎಲ್ಲಿ ಎಂದು ಕೇಳಿಕೊಂಡು ಬಂದ ಎಂಜಿನಿಯರಿಂಗ್ ವಿದ್ಯಾರ್ಥಿ. ಯಾವ ಗುಂಪಿಗೂ ಸೇರಲಿಲ್ಲ. ಸೇರಿಸಲೂ ಬೇಡಿ. ಅವನು ಹುಡುಕುತ್ತಿರುವುದು ಬೇರೆ ಅಂಗಡಿ.

5. ಒಂದು ಪುಟ, ತಾರೀಕಿನೊಂದಿಗೆ

ಪ್ರತಿ ಗುಂಪಿಗೆ ಒಂದು ಹಾಳೆ: ಬರುವ ಕಾರಣ, ತಡೆಯುವ ಅಡ್ಡಿ, ಉಳಿಸುವ ಸಂಗತಿ, ಅವರದೇ ಎರಡು ಮಾತು. ನಿಜವಾದ ಹೆಸರು, ಫೋಟೋ ಬೇಡ. ಯಾರೂ ಹೇಳದೆ ನೀವೇ ಊಹಿಸಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ಸಿಲ್ ಸಾಲುಗಳೇ ಹೆಚ್ಚಾದರೆ ಇನ್ನಿಬ್ಬರನ್ನು ಮಾತಾಡಿಸಬೇಕು ಎಂದರ್ಥ. ಹೊಸ ಮಾತುಕತೆಯಿಂದ ಹೊಸ ಚೀಟಿ ಹುಟ್ಟದಿದ್ದಾಗ ಸದ್ಯಕ್ಕೆ ಸಾಕು.

6. ಎಷ್ಟು ಜನ ಎಂಬುದನ್ನು ರಿಜಿಸ್ಟರ್ ಹೇಳಲಿ

ಏಳರಲ್ಲಿ ಮೂವರು ಗಡಿಯಾರದವರು ಎಂದಮಾತ್ರಕ್ಕೆ ತೊಂಬತ್ತರಲ್ಲಿ ಮೂವತ್ತೊಂಬತ್ತು ಎಂದು ಗುಣಿಸಬೇಡಿ. ಮಾತುಕತೆಯಿಂದ ತಿಳಿಯುವುದು 'ಯಾಕೆ' ಮಾತ್ರ. 'ಎಷ್ಟು' ತಿಳಿಯಲು ಹಾಜರಿ ಪುಸ್ತಕ ತೆಗೆಯಿರಿ: ಸೇರಿದ ಹದಿನೈದು ದಿನದೊಳಗೆ ನಿಂತವರೆಷ್ಟು, ತಿಂಗಳುಗಟ್ಟಲೆ ಬಂದು ನಿಂತವರೆಷ್ಟು? ಮೊದಲನೆಯದು ದೊಡ್ಡದಿದ್ದರೆ ಮೊದಲ ವಾರದವರ ಹಾಳೆಯಿಂದ ಶುರುಮಾಡಿ. ಹೊಸಬರಿಗೆ ಒಂದು ವಾರ ಜೊತೆಗೊಬ್ಬರನ್ನು ಉಚಿತವಾಗಿ ಕರೆತರಲು ಬಿಡಿ, ಕನ್ನಡಿಯ ಸಾಲು ಹಳಬರಿಗಿರಲಿ. ಎರಡನೆಯದು ದೊಡ್ಡದಿದ್ದರೆ ಏಳರ ಕ್ಲಾಸು ಏಳಕ್ಕೇ ಶುರುವಾಗಲಿ, ಬಂದವರು ನಾಲ್ಕೇ ಜನವಾದರೂ.

ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಒಂದನ್ನು ಆರು ವಾರ ನಡೆಸಿ ಅದೇ ರಿಜಿಸ್ಟರನ್ನು ಮತ್ತೆ ಎಣಿಸಿ. ಸಂಖ್ಯೆ ಅಲುಗಾಡದಿದ್ದರೆ ಹಾಳೆಯಲ್ಲಿ ಎಲ್ಲೋ ತಪ್ಪಿದೆ, ಹರಿದು ಹೊಸದು ಬರೆಯಿರಿ.

ಬಿಟ್ಟವರಿಗೆ ಮೊದಲ ಫೋನು ಈ ವಾರವೇ ಹೋಗಲಿ. ಹತ್ತೂವರೆಯ ಮೇಲೆ ಮಾಡಿ, ಅಷ್ಟೊತ್ತಿಗೆ ಬೆಳಗಿನ ಗಡಿಬಿಡಿ ಮುಗಿದಿರುತ್ತದೆ. ಮಾತಿನ ನಡುವೆ ರಿನ್ಯೂವಲ್ ಆಫರಿನ ಬಗ್ಗೆ ಮಾತ್ರ ಚಕಾರ ಎತ್ತಬೇಡಿ.